ಅವ್ವನ ತೊಗರಿ ಚೀಲಕ್ಕೆ ನಾನು ಹಾಕಿದ ತೂತು

ನಮ್ಮ ಮನೆಯಲ್ಲಿ ನಾನು ನಕಲು ಮಾಡದ ಮನುಷ್ಯರಿಲ್ಲ. ಅಪ್ಪ ಸಿಟ್ಟಿಗೇಳುವ ಮುಂಚೆ ಮೂಗು ಸರಿಸುವುದು, ಆಯಿ (ಅಪ್ಪನ ಅವ್ವ) ಕುಬಸದೊಳಗೆ ಕೈ ಹಾಕಿ ಸುಣ್ಣದ ಡಬ್ಬಿ ಹುಡುಕುವುದು, ಮುಚ್ಚಂಡಿ ಬಸ್ಸಿನ ಕಂಡಕ್ಟರ್ ಚಿಲ್ಲರೆ ಇಲ್ಲ ಅನ್ನುವುದು, ಎಲ್ಲವೂ ನನ್ನ ಬಳಿ ಇವೆ. ಪೊಲೀಸ್ ಭರತಿಗೆಂದು (ನೇಮಕಾತಿಗೆ) ಮೂರು ವರ್ಷದಿಂದ ದಿನಾ ಬೆಳಿಗ್ಗೆ ಓಡುತ್ತೇನೆ. ಭರತಿ ಮಾತ್ರ ನನಗಿಂತ ಜೋರು ಓಡುತ್ತದೆ. ಹಾಗೆ ಓಡುವ ನನ್ನ ನಕಲನ್ನೂ ನಾನೇ ಮಾಡಿ ತೋರಿಸುತ್ತೇನೆ, ಬೇರೆಯವರಿಗೆ ಬಿಟ್ಟರೆ ಕೆಡಿಸುತ್ತಾರೆ.

ನನ್ನ ಬೆಸ್ಟ್ ನಕಲೆಂದರೆ ಮಾಮಾನದು. ಅವ್ವನ ತಮ್ಮ. ಕಾಳಿನ ವ್ಯಾಪಾರಿ. ಹೊಟ್ಟೆ ಮೊದಲು ಬಾಗಿಲು ದಾಟುತ್ತದೆ, ಮಾಮಾ ಆಮೇಲೆ. ಕೈಯಲ್ಲಿ ಒಂದು ಟೊಳ್ಳು ಕಬ್ಬಿಣದ ಚೂಪು ಕೊಳವೆ. ಚೀಲದ ಹೊಟ್ಟೆಗೆ ಅದನ್ನು ಚಕ್ ಅಂತ ಚುಚ್ಚಿದರೆ ಒಳಗಿನ ಕಾಳು ಅದರೊಳಗಿಂದ ಜಾರಿ ಅಂಗೈಗೆ ಬರುತ್ತದೆ. ಒಂದನ್ನು ಹಲ್ಲಿಗಿಟ್ಟು ಕಟ್ ಅನ್ನಿಸಿ, ಕಣ್ಣು ಮುಚ್ಚಿ, ಯಾರೋ ಸತ್ತ ಸುದ್ದಿ ಹೇಳುವವನಂತೆ ದರ ಹೇಳುತ್ತಾನೆ.

ಪ್ರತಿ ವರ್ಷ ತೊಗರಿ ರಾಶಿಯಾದ ವಾರದೊಳಗೆ ಮಾಮಾ ಎಲ್ಲವನ್ನೂ ಒಯ್ಯುತ್ತಿದ್ದ. ಬೇಸಿಗೆಯಿಂದ ನಾವು ಅಂಗಡಿ ಬೇಳೆ ತಿನ್ನುವುದು, ಮಿರಗದ (ಮೃಗಶಿರಾ) ಮಳೆಗೆ ಅಂಗಡಿ ಬೀಜ ಬಿತ್ತುವುದು. ಇಟ್ಟುಕೊಂಡರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಹಿಂದೊಮ್ಮೆ ಬೂದಿ ಕಲಸಿದ್ದರು, ಬೇವಿನ ಸೊಪ್ಪು ಹಾಕಿದ್ದರು, ಆದರೂ ಯುಗಾದಿ ದಾಟುವುದರೊಳಗೆ ಕಾಳಿಗೊಂದು ದುಂಡನೆಯ ತೂತು. ಹಗೂರಾದ ಕಾಳು, ಚೀಲದ ತಳದಲ್ಲಿ ಹಿಟ್ಟು, ಕೈ ಹಾಕಿದರೆ ಬೆಚ್ಚಗೆ. ಜೋಳಕ್ಕೆ ಮೂತಿ ಉದ್ದದ ನುಸಿ, ತೊಗರಿಗೆ ಈ ಗೂನು ಬೆನ್ನಿನ ಹುಳ. ಅವು ಮನೆ ಹಂಚಿಕೊಂಡ ಅಣ್ಣತಮ್ಮಂದಿರ ಹಾಗೆ.

ಈ ಸಲ ಅವ್ವ ಒಂದು ಚೀಲ ಹಿಡಿದುಬಿಟ್ಟಳು.

"ಇದನ್ನ ಕೊಡಂಗಿಲ್ಲ," ಅಂದಳು.

"ಅಕ್ಕಾ, ಹೋಳಿ ದಾಟಿದ್ರ ಅದು ನಿನ್ನ ತೊಗರಿ ಅಲ್ಲ, ಹುಳದ ತೊಗರಿ," ಅಂದ ಮಾಮಾ.

"ಮಿರಗಕ್ಕ ಇದ ಚೀಲದಾಗಿನ ಬೀಜಾನ ಬಿತ್ತೂದು. ಉಳದದ್ದು ಬ್ಯಾಳಿ. ಕೆಟ್ಟಿತಂದ್ರ ಮುಂದಿನ ವರ್ಷದಿಂದ ಒಂದು ಕಾಳೂ ಇಟ್ಕೋರಿ ಅನ್ನಂಗಿಲ್ಲ. ನೀ ಹೇಳಿದಾಂಗ."

ಅಪ್ಪ ಮೂಗು ಸರಿಸಿದ. "ಮಾತ ಅಂದ್ರ ಮಾತ," ಅಂದ. ಅಲ್ಲಿಗೆ ಆ ಚೀಲದೊಳಗೆ ತೊಗರಿಯ ಜೊತೆ ಅವ್ವನ ಮಾತೂ ಹೋಗಿ ಕುಳಿತಿತು.

ಅವಳಿಗೆ ಈ ಧೈರ್ಯ ಬಂದದ್ದು ಬಚತ್ ಗಟದ (ಹೆಂಗಸರ ಉಳಿತಾಯ ಸಂಘದ) ಸಭೆಯಿಂದ. ಕೃಷಿ ಇಲಾಖೆಯ ಬಾಯಿಯೊಬ್ಬರು (ನಮ್ಮ ಕಡೆ ಮೇಡಮ್ಮಿಗೆ ಬಾಯಿ ಅನ್ನುವುದು) ಹೊಸ ಥರದ ಚೀಲ ತಂದು ತೋರಿಸಿದ್ದರು. ಒಂದರೊಳಗೊಂದು ಎರಡು ದಪ್ಪ ಪ್ಲಾಸ್ಟಿಕ್ ಚೀಲ, ಹೊರಗೆ ನೇಯ್ದ ಗೊಬ್ಬರದ ಚೀಲದಂಥದ್ದು. ಅವ್ವ ಎರಡು ಕೊಂಡಿದ್ದಳು. ತುಂಬುವ ದಿನ ಆ ಬಾಯಿಯೇ ಮನೆಗೆ ಬಂದರು. ತೊಗರಿಯನ್ನು ಹಲ್ಲಲ್ಲಿ ಕಡಿಸಿ ಒಣಗಿದೆಯಾ ನೋಡಿದರು. ಪ್ಲಾಸ್ಟಿಕ್ ಚೀಲಗಳಿಗೆ ಗಾಳಿ ತುಂಬಿ, ಅವುಗಳ ಕುತ್ತಿಗೆ ತಿರುವಿ, ಕೆನ್ನೆಗೆ ಒತ್ತಿ ಎಲ್ಲಾದರೂ ಗಾಳಿ ಸೋರುತ್ತದಾ ಎಂದು ಪರೀಕ್ಷೆ ಮಾಡಿಸಿದರು. ಕಾಳು ತುಂಬಿ, ಒತ್ತಿ ಒತ್ತಿ ಗಾಳಿ ಹೊರಗೆ ತಳ್ಳಿ, ಒಳಗಿನದರ ಕುತ್ತಿಗೆ ತಿರುವಿ ಮಡಚಿ ಬಿಗಿ ಕಟ್ಟಿದರು. ಆಮೇಲೆ ಎರಡನೆಯದು. ಆಮೇಲೆ ಹೊರಗಿನದು. ಕಟ್ಟುವಾಗೆಲ್ಲ ಮರಾಠಿಯಲ್ಲಿ ಒಂದೇ ಮಾತು: "ಹವಾ ನಕೋ! ಅಜಿಬಾತ್ ಹವಾ ನಕೋ!" ಗಾಳಿ ಬೇಡವೇ ಬೇಡ. ಅದನ್ನು ನಾನು ಅದೇ ಸಂಜೆ ಕಲಿತು, ಅಪ್ಪ ಕಿಟಕಿ ತೆಗೆದಾಗೆಲ್ಲ ಅನ್ನತೊಡಗಿದೆ.

"ಒಳಗ ಹುಳಾ ಈಗಾಗಲೇ ಇರ್ತಾವರಿ," ಅಂದರು ಬಾಯಿ. "ಹೊಲದಾಗ ಕಾಯಿ ಮ್ಯಾಲೇ ತತ್ತಿ ಇಟ್ಟಿರ್ತಾವ. ಅವು ಉಸಿರಾಡಿ ಆಡಿ ಒಳಗಿನ ಹವಾ ತಾವ ತೀರಸ್ತಾವ. ಆಮ್ಯಾಲ ತಿನ್ನೂದು ನಿಂದರತೈತಿ, ಬೆಳಿಯೂದು ನಿಂದರತೈತಿ, ಸಾಯ್ತಾವ. ಔಷಧ ಬ್ಯಾಡ. ಆದ್ರ ತೂತು ಬಿತ್ತಂದ್ರ ಇದು ಬರೇ ಚೀಲ."

ಅಪ್ಪ ನಕ್ಕ. ಆಯಿ ನಗಲಿಲ್ಲ.

"ನಗ್ತಿ ಯಾಕೋ? ನಮ್ಮ ಹಗೇವು ಏನಿತ್ತು ಮತ್ತ? ನೆಲದಾಗ ಜ್ವಾಳಾ ತುಂಬಿ ಬಾಯಿಗಿ ಮಣ್ಣು ಮೆತ್ತತಿದ್ದಿವಿ. ತೆಗದ ದಿನಾ ದೀಪಾ ಇಳಿಸಿ ನೋಡೂದು. ದೀಪಾ ಆರಿತಂದ್ರ ಮನಷ್ಯಾರು ಇಳಿಬಾರದು. ಮನಷ್ಯಾಗ ಇಲ್ಲದ ಹವಾ ಹುಳಕ್ಕೆಲ್ಲಿಂದ ಬರ್ತೈತಿ?"

ಬಾಯಿ ಆಯಿಯನ್ನು ನೋಡಿದ ರೀತಿ ನೋಡಿದರೆ, ಇಲಾಖೆಗೆ ಕರೆದುಕೊಂಡು ಹೋಗುವ ವಿಚಾರವಿದ್ದಂತಿತ್ತು.

ಚೀಲವನ್ನು ಗೋಡೆಯಿಂದ ಒಂದು ಗೇಣು ಬಿಟ್ಟು ಹಲಗೆಯ ಮೇಲೆ ನಿಲ್ಲಿಸಿದರು. ಇಲಿ ಬಾರದಂತೆ ಅವ್ವ ಸುತ್ತಲೂ ಗುಡಿಸಿ ಬರಿದು ಮಾಡಿದಳು. ಯಾರೂ ಮುಟ್ಟಬಾರದು, ಯಾರೂ ಬಿಚ್ಚಬಾರದು.

ಶಿವರಾತ್ರಿಯ ಮಧ್ಯಾಹ್ನ. ಅವ್ವ ಗುಡಿಗೆ ಹೋಗಿದ್ದಳು. ಉಪವಾಸದ ಹೊಟ್ಟೆಗೆ ಹೊತ್ತು ಹೋಗಲೊಲ್ಲದು. ಓಣಿಯ ಅತ್ತಿಗೆಯರು, ಅಕ್ಕಂದಿರು ನಮ್ಮ ಪಡಸಾಲೆಯಲ್ಲಿ ಕುಳಿತಿದ್ದರು. "ಮಾಮಾನ್ನ ಮಾಡೋ," ಅಂದರು. ಕಲಾವಿದನಿಗೆ ಇನ್ನೇನು ಬೇಕು? ಟಾವೆಲ್ ಹೆಗಲಿಗೆ, ತಲೆದಿಂಬು ಅಂಗಿಯೊಳಗೆ. ಮಾಮಾ ಹಿಂದಿನ ಸಲ ಮರೆತು ಹೋದ ಕೊಳವೆ ಮೊಳೆಗೆ ನೇತಾಡುತ್ತಿತ್ತು. ಅದನ್ನೂ ಹಿಡಿದೆ. ಹೊಟ್ಟೆಯನ್ನು ಮೊದಲು ಕಳಿಸಿ ಆಮೇಲೆ ನಾನು ಬಂದೆ. ಅರ್ಧ ಜನ ಅಲ್ಲಿಗೇ ನಕ್ಕು ಬಿದ್ದರು.

"ಏನಕ್ಕಾ, ಮಾಲ್ ಹ್ಯಾಂಗೈತಿ?" ಅಂದು ಚೀಲದ ಮುಂದೆ ನಿಂತು ಕೈ ಬೀಸಿದೆ. ಚೀಲದ ಮೈಗೆ ತಾಗಿಸಿ ನಿಲ್ಲಿಸುವುದು ನನ್ನ ಲೆಕ್ಕ. ಆದರೆ ಮಾಮಾನ ಕೈ ನಿಲ್ಲುವುದಿಲ್ಲವಲ್ಲ, ನನ್ನದೂ ನಿಲ್ಲಲಿಲ್ಲ. ಚಕ್. ಮೂರು ಪದರ ದಾಟಿದ್ದು ಬೆರಳಿಗೆ ಗೊತ್ತಾಯಿತು. ತಣ್ಣನೆಯ ತೊಗರಿ ಅಂಗೈಗೆ ಜಾರಿ ಬಂತು.

ಆಗ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ, ಜನ ನಗುತ್ತಿದ್ದರು. ಒಂದು ಕಾಳು ಹಲ್ಲಿಗಿಟ್ಟು ಕಟ್ ಅನ್ನಿಸಿ, ಕಣ್ಣು ಮುಚ್ಚಿ, "ಒಣಗೇತಿ. ಆದ್ರ ನಿನ್ನ ನಶೀಬ ಹಸಿ ಐತಿ ಅಕ್ಕಾ," ಅಂದೆ. ಆ ದಿನ ಸಿಕ್ಕಷ್ಟು ನಗು ನನಗೆ ಮತ್ತೆಂದೂ ಸಿಕ್ಕಿಲ್ಲ.

ಎಲ್ಲರೂ ಹೋದ ಮೇಲೆ ಗಾಯಕ್ಕೆ ಹಚ್ಚುವ ಪಟ್ಟಿ ತಂದು ಹೊರಚೀಲದ ಮೇಲೆ ಅಂಟಿಸಿ, ಚೀಲವನ್ನೇ ತಿರುಗಿಸಿ ತೂತನ್ನು ಗೋಡೆಯ ಕಡೆ ಮಾಡಿದೆ. ನೇಯ್ದ ಚೀಲ ತಾನೇ ಜರಡಿ. ಅದಕ್ಕೆ ಪಟ್ಟಿ ಹಚ್ಚಿದರೆ ಒಳಗಿನ ಪ್ಲಾಸ್ಟಿಕ್ಕಿಗೆ ಏನು ಬಂತು? ಅದು ಅಂದೇ ಗೊತ್ತಿತ್ತು. ಗೊತ್ತಿಲ್ಲದವನ ನಕಲು ಮಾಡಿದೆ.

ಅಲ್ಲಿಂದ ನನಗೆ ಕುಂತಲ್ಲಿ ಕೂಡಲಾಗಲಿಲ್ಲ. ಊಟಕ್ಕೆ ಕೂತರೆ ಬೆನ್ನಿಗೆ ಆ ಚೀಲ. ಬೆಳಿಗ್ಗೆ ಓಡಲು ಹೊರಟವನು ತಿರುಗಿ ಬಂದು ಅದನ್ನು ನೋಡಿ ಮತ್ತೆ ಹೊರಡುತ್ತಿದ್ದೆ. ಮನೆಯಲ್ಲಿ ಯಾರೂ ಇಲ್ಲದಾಗ ಕಿವಿ ಹಚ್ಚಿದೆ. ಏನೂ ಕೇಳಲಿಲ್ಲ. ಕೇಳದ್ದರಿಂದ ಇನ್ನೂ ಹೆದರಿಕೆ.

"ಯಾಕೋ, ನಕಲಾ ಬಂದ್ ಆಗ್ಯಾವ?" ಅಂದಳು ಆಯಿ.

"ಭರತಿ ಟೆನ್ಷನ್ ಆಯಿ."

"ಭರತಿಗಿ ನಿಂದು ಟೆನ್ಷನ್ ಇರಬೇಕು."

ಅವ್ವ ದಿನಾ ಚೀಲದ ಮುಂದೆ ಗುಡಿಸುತ್ತ ಅದನ್ನು ಮಗುವಿನ ಬೆನ್ನು ತಟ್ಟಿದಂತೆ ಎರಡು ಸಲ ತಟ್ಟುತ್ತಿದ್ದಳು. ಅವಳ ಈ ತಟ್ಟುವಿಕೆಯೊಂದನ್ನು ನಾನು ನಕಲು ಮಾಡಲಿಲ್ಲ. ಕೈ ಬರಲಿಲ್ಲ.

ಯುಗಾದಿಗೆ ನಾಲ್ಕು ದಿನವಿತ್ತು. ಗೋಡೆಯ ಸಂದಿನಲ್ಲಿ ಮೊಬೈಲಿನ ಬೆಳಕು ಬಿಟ್ಟು ನೋಡಿದೆ. ಪಟ್ಟಿಯ ಅಂಚು ಎದ್ದಿತ್ತು. ಅದರ ಮೇಲೆ ಎಳ್ಳಿಗಿಂತ ತುಸು ದೊಡ್ಡ, ಕಂದು ಬಣ್ಣದ ಒಂದು ಹುಳ. ಬೆರಳು ಮುಟ್ಟಿಸಿದೆ. ಕಾಲು ಮಡಚಿ ತಟ್ಟನೆ ಸತ್ತುಬಿತ್ತು. ಅಬ್ಬಾ ಅನ್ನುವಷ್ಟರಲ್ಲಿ ಎದ್ದು ನಡೆಯಿತು. ನನಗಿಂತ ದೊಡ್ಡ ನಕಲುಗಾರ! ಅದರ ಹಿಂದೆ ಇನ್ನೆರಡು.

ಮಿರಗ ಇನ್ನೂ ಎರಡು ತಿಂಗಳು ದೂರ. ಸುಮ್ಮನಿದ್ದರೆ ಏನಾಗುತ್ತದೆಂದು ಲೆಕ್ಕ ಹಾಕಬೇಕಿರಲಿಲ್ಲ: ಇವು ಒಂದೊಂದೂ ಮತ್ತೆ ಕಾಳಿಗೆ ತತ್ತಿ ಅಂಟಿಸುತ್ತವೆ, ಬಿಸಿಲಿಗೆ ತಿಂಗಳಿಗೊಂದು ಪೀಳಿಗೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಮುಂದೆ ಹೋಗಿ ನಿಂತು ಎಲ್ಲ ಹೇಳಿದೆ. ನನ್ನದೇ ದನಿಯಲ್ಲಿ ಹೇಳಿದೆ. ಅದು ಎಷ್ಟು ಸಣ್ಣದೆಂದು ಅಂದೇ ಗೊತ್ತಾಯಿತು.

ಅವ್ವನ ಕೈ ನಿಂತಿತು.

"ಯಾವತ್ತು?"

"ಶಿವರಾತ್ರಿ ದಿನಾ."

ಬೆರಳ ಗೆಣ್ಣು ಎಣಿಸಿದಳು. "ನನ್ನ ಮಾತು ಅದರಾಗ ಐತಿ ಅಂತ ಗೊತ್ತಿತ್ತಿಲ್ಲ ನಿನಗ?"

"ಗೊತ್ತಿತ್ತವ್ವಾ."

"ಗೊತ್ತಿದ್ದೂ ಮೊದಲ ಜನರನ್ನ ನಗಿಸಿದಿ." ರೊಟ್ಟಿ ಹಂಚಿನ ಮೇಲೆ ಸುಟ್ಟು ಕರಕಾಯಿತು. ಅವ್ವನ ರೊಟ್ಟಿ ಸುಟ್ಟದ್ದು ನಾನು ನೋಡಿದ್ದು ಅದೊಂದೇ. "ನಡಿ. ತಾಡಪತ್ರಿ ಹಾಸು. ಇನ್ನ ಬಿಸಿಲು ಐತಿ."

ಚೀಲ ಬಿಚ್ಚಿ ಸುರುವಿದೆವು. ಮೇಲಿನ ಪದರ, ಕೆಳಗಿನ ಪದರವೆಲ್ಲ ಒಂದೇ ಥರ ಕೆಟ್ಟಿರಲಿಲ್ಲ. ತೂತಿನ ಸುತ್ತಮುತ್ತ ಹೆಚ್ಚು. ಅಲ್ಲಿ ಕಾಳಿನ ಮೇಲೆ ಸುಣ್ಣದ ಚುಕ್ಕೆಯಂಥ ತತ್ತಿಗಳು, ಕೆಲವಕ್ಕೆ ದುಂಡು ತೂತು. ಮೂರು ದಿನ ಬಿಸಿಲಿಗೆ ಹರವಿ, ಜರಡಿ ಹಿಡಿದು, ತೂತಿನ ಕಾಳು ಆರಿಸಿದೆ. ಕಣ್ಣು ಚುಕ್ಕೆ ಚುಕ್ಕೆಯಾದವು. ಅನ್ನದ ತಟ್ಟೆಯಲ್ಲೂ ತತ್ತಿ ಕಂಡವು. ಅಪ್ಪ ಹಾದು ಹೋಗುವಾಗ ಮೂಗು ಸರಿಸಿ, "ಪೊಲೀಸ ಸಾಹೇಬ್ರು ಕಳ್ಳರನ್ನ ಹಿಡ್ಯಾಕ ಹತ್ತ್ಯಾರ," ಅಂದ. ಅಪ್ಪನಿಗೂ ಚೇಷ್ಟೆ ಮಾಡಲು ಬರುತ್ತದೆ ಅಂತ ಅಂದೇ ತಿಳಿಯಿತು.

"ಆರಸಿ ಉಳದದ್ದರಾಗೂ ಒಳಗ ಮರಿ ಇರ್ತಾವ," ಅಂದಳು ಅವ್ವ. "ಅವಕ್ಕ ಚೀಲನ ಔಷಧ." ಕಾಳು ತಣಿದ ಮೇಲೆ ಎರಡನೆಯ ಚೀಲ ತೆಗೆದಳು. ಪ್ಲಾಸ್ಟಿಕ್ಕನ್ನು ನನ್ನ ಕೆನ್ನೆಗೆ ಒತ್ತಿ, "ಸೋರತೈತೇನ್ ನೋಡು," ಅಂದಳು. ಸೋರಲಿಲ್ಲ. ತುಂಬಿ ಒತ್ತಿದೆವು, ತಿರುವಿದೆವು, ಕಟ್ಟಿದೆವು. ಮಾಮಾನ ಕೊಳವೆಯನ್ನು ಅವಳು ತನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು.

ಆಮೇಲಿನ ಎರಡು ತಿಂಗಳು ನಾನು ಆ ಗೋಡೆಯನ್ನು ಎಷ್ಟು ಸಲ ನೋಡಿದೆನೋ. ಹುಳ ಕಾಣಲಿಲ್ಲ. ಆದರೆ ಒಳಗಿನದು ಯಾರಿಗೆ ಗೊತ್ತು? ಬಿಚ್ಚಿ ನೋಡಿದರೆ ಗಾಳಿ ಕೊಟ್ಟಂತೆ. ನೋಡದಿದ್ದರೆ ನನಗೆ ಉಸಿರಿಲ್ಲ.

ಮಿರಗದ ಮೊದಲ ಮಳೆಗೆ ನಾಲ್ಕು ದಿನ ಮುಂಚೆ ಅವ್ವ ಚೀಲ ಬಿಚ್ಚಿದಳು. ಸುದ್ದಿ ತಿಳಿದು ಮಾಮಾನೂ ಬಂದಿದ್ದ. ಕಾಳಿನ ಮೇಲೆ ಕೆಲವು ಹುಳ ಕಾಲು ಮಡಚಿ ಬಿದ್ದಿದ್ದವು. ನಾನು ಬೆರಳು ಮುಟ್ಟಿಸಿದೆ, ಕಾದೆ, ಮತ್ತೆ ಮುಟ್ಟಿಸಿದೆ. ಈ ಸಲ ನಕಲಲ್ಲ, ಖರೇನೇ ಸತ್ತಿದ್ದವು. ಅವ್ವ ಇಪ್ಪತ್ತು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟಳು. ನಾಲ್ಕನೆಯ ದಿನ ಬಟ್ಟೆ ಬಿಚ್ಚಿದಾಗ ಹದಿನೇಳು ಮೊಳಕೆ. ಮೊಳಕೆ ಬರದ ಮೂರನ್ನು ನನ್ನ ಅಂಗೈಯಲ್ಲಿಟ್ಟು, "ಇವು ನಿನ್ನವು," ಅಂದಳು.

ಅಷ್ಟರಲ್ಲಿ ಮತ್ತೆ ಬಂದಿದ್ದ ಮಾಮಾ, ಕಟ್ಟಿಟ್ಟ ಚೀಲದ ಕಡೆ ರೂಢಿಯಂತೆ ಬಲಗೈ ಚಾಚಿ, ಕೈಯಲ್ಲಿ ಏನೂ ಇಲ್ಲದ್ದನ್ನು ನೋಡಿ ಬೆಪ್ಪಾದ. "ಅಕ್ಕಾ, ನಂದೊಂದು ಚುಚ್ಚೂದು ಇಲ್ಲೇ ಬಿಟ್ಟಿದ್ದೆ."

ಅವ್ವ ಎದ್ದು ನಿಂತಳು. ಸೆರಗನ್ನು ಹೆಗಲ ಮೇಲೆ ಟಾವೆಲ್ಲಿನಂತೆ ಎಸೆದು, ಹೊಟ್ಟೆ ಮುಂದೆ ಮಾಡಿ, ಗಾಳಿಗೆ ಚಕ್ ಅಂತ ಚುಚ್ಚಿದಳು. ಆಮೇಲೆ ಕಣ್ಣು ದೊಡ್ಡದು ಮಾಡಿ, ಬಾಯಿ ತೆರೆದು, ಆಚೆ ಈಚೆ ನೋಡಿ, ಇಲ್ಲದ ಪಟ್ಟಿಯೊಂದನ್ನು ಅವಸರದಿಂದ ಅಂಟಿಸಿದಳು. ಮಾಮಾನ ನಕಲು ಮಾಡುವ ನನ್ನ ನಕಲು. ಒಂದು ಕೂದಲೂ ತಪ್ಪಿರಲಿಲ್ಲ. ಆಯಿ ನಕ್ಕು ಕೆಮ್ಮಿದಳು, ಅಪ್ಪ ಗೋಡೆ ಹಿಡಿದ.

"ಮುಂದಿನ ವರ್ಷ ನಾಕ ಚೀಲಾ ಇಡತೇನಿ," ಅಂದಳು ಅವ್ವ ತಮ್ಮನಿಗೆ. "ಮಾಲ್ ನೋಡಬೇಕಂದ್ರ ಹೇಳು, ಬಾಯಿ ಬಿಚ್ಚಿ ಕೈಯಾಗ ಕೊಡತೇನಿ. ಚುಚ್ಚಾಕ ಬಂದಿ ಅಂದ್ರ ನಿನಗ ಪಟ್ಟಿ ಹಚ್ಚತೇನಿ."

ಬಿತ್ತನೆಯ ಬೀಜವನ್ನು ತಲೆಯ ಮೇಲೆ ಹೊತ್ತು ನಾನು ಹೊಲಕ್ಕೆ ಹೊರಟೆ. ಮೋಡ ಬಂದಿತ್ತು. ಓಡಬೇಕೆನಿಸಿತು.

"ಸಾವಕಾಶ ಹೋಗೋ," ಅಂತ ಹಿಂದಿನಿಂದ ಕೂಗಿದಳು ಅವ್ವ. ನಡೆದೇ ಹೋದೆ.