ಬಿಟ್ಟುಹೋದ ಇನ್ನೊಂದು ‘ಹೇಳಿ’

ಕೇಡಾದದ್ದು ನಾನು ಬಿಟ್ಟ ಒಂದೇ ಒಂದು ಪದದಿಂದ. ಅದೂ ಹೊಸ ಪದವಲ್ಲ, ಅದಾಗಲೇ ಬರೆದಿದ್ದ ಪದದ ಜೋಡಿ.

ಹೈದರಾಬಾದಿನಲ್ಲಿ ಓದು ಮುಗಿಸಿ ತಾಂಡೂರಿನ ತಹಸೀಲು ಕಚೇರಿಗೆ ತರ್ಜುಮೆಗಾರನಾಗಿ ಬಂದವನು ನಾನು. ಸುತ್ತಲಿನ ಜನ ಕನ್ನಡದಲ್ಲಿ ಕೊಟ್ಟ ಹೇಳಿಕೆಯನ್ನು ಸರ್ಕಾರದ ಉರ್ದುವಿಗೆ ಇಳಿಸುವುದು ನನ್ನ ಕೆಲಸ. ಬಿಡುವಿನಲ್ಲಿ ದ್ವಿರುಕ್ತಿಯ ಮೇಲೆ ಒಂದು ಪ್ರಬಂಧ ಬರೆಯುತ್ತಿದ್ದೆ. ವ್ಯಾಕರಣದ ಪುಸ್ತಕಗಳು ಅದಕ್ಕೆ ನಾಲ್ಕು ಸಾಲು ಕೊಟ್ಟು ಮುಗಿಸಿದ್ದವು. ನಾನು ಅದನ್ನು ಜನರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕೆಂದು ಸಂಜೆಗೊಮ್ಮೆ ಕಲ್ಲುಗಣಿಯ ಕಡೆ ಹೋಗುತ್ತಿದ್ದೆ. ನೆಲಕ್ಕೆ ಹಾಸುವ ಫರಸಿ ಕಲ್ಲು ಒಟ್ಟುವ ಹೆಂಗಸರ ಮಾತಿನಲ್ಲಿ ನನಗೆ ಬೇಕಾದದ್ದೆಲ್ಲ ಇತ್ತು.

ಇಡೀ ಪದವೇ ಮರಳಿ ಬಂದರೆ ಕೆಲವೊಮ್ಮೆ ಒಂದು ಹಲವಾಗುತ್ತದೆ: ‘ಸಣ್ಣ ಸಣ್ಣ ಕಲ್ಲು’ ಎಂದಾಗ ಕಲ್ಲು ಒಂದಲ್ಲ. ಕ್ರಿಯೆ ಹಾಗೆ ಮರಳಿದರೆ ಕೆಲಸವೇ ಮರಳಿ ಮರಳಿ ನಡೆದಿರುತ್ತದೆ: ‘ಹೊತ್ತು ಹೊತ್ತು ಬೆನ್ನು ಹೋಯಿತು’ ಎಂಬಲ್ಲಿ ಹೊತ್ತದ್ದು ಒಂದು ದಿನದ್ದಲ್ಲ. ಇನ್ನು ಕೆಲವು ಪದಗಳು ಪೂರ್ತಿ ಮರಳುವುದಿಲ್ಲ. ತಲೆಯ ತುಂಡೊಂದು ಮಾತ್ರ ಒತ್ತಕ್ಷರ ಹೊತ್ತು ಮುಂದೆ ಬಂದು ನಿಲ್ಲುತ್ತದೆ: ನಟ್ಟನಡು, ತುತ್ತತುದಿ, ಮೊತ್ತಮೊದಲು. ಅಲ್ಲಿ ಹೆಚ್ಚುವುದು ಎಣಿಕೆಯಲ್ಲ, ಬಿಗಿ. ನಡುವೆಂದರೆ ಎಲ್ಲೋ ನಡುವೆ. ನಟ್ಟನಡುವೆಂದರೆ ಬೆರಳಿಟ್ಟು ತೋರಿಸಬಹುದಾದ ಜಾಗ.

ಆ ಹೆಂಗಸರಲ್ಲಿ ಒಬ್ಬಾಕೆ ಎಲ್ಲರಿಗಿಂತ ಚುರುಕು. ಗಂಡ ಗಣಿಯ ಒಳಗೆ ಕಲ್ಲು ಏಳಿಸುವವನು, ತಮ್ಮನೂ ಅಲ್ಲೇ. ನನ್ನ ವಹಿಯನ್ನು ನೋಡಿ ಒಂದು ದಿನ ಕೇಳಿದಳು:

“ಏನ್ ಬರಕೋತೀರಿ ಅಣ್ಣಾರ, ನಮ್ಮ ಜಗಳಾನೂ ಬಿಡವಲ್ರಿ?”

“ನೀವು ಒಂದ್ ಮಾತು ಎರಡ್ ಸಲ ಅಂತೀರಲ್ಲಕ್ಕ, ಅದನ್ನ.”

“ಎರಡೆರಡು ಸಲ ಅಂದ್ರನ ನಿಮ್ಮಂಥೋರ ಕಿವ್ಯಾಗ ಒಂದ್ ಸಲ ಬೀಳತದ. ಅದಕ್ಕ ಅಂತೀವಿ. ಬರಕೋರಿ, ಇದನ್ನೂ ಬರಕೋರಿ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ಬರೆದುಕೊಂಡೆ ಕೂಡ.

ಆ ಬೇಸಗೆಯಲ್ಲಿ ಗಣಿಯ ಪಡುವಣ ಗೋಡೆ ಕುಸಿಯಿತು. ಕೆಳಗಿದ್ದವನು ಅವಳ ಗಂಡ.

ವಿಚಾರಣೆ ನಮ್ಮ ಕಚೇರಿಗೇ ಬಂತು. ತಹಸೀಲ್ದಾರ ಸಾಹೇಬರು ತೀರ್ಮಾನಿಸಬೇಕಾದದ್ದು ಒಂದೇ ಸಂಗತಿ: ಗೋಡೆ ಬಿರಿದಿದೆಯೆಂದು ಗಣಿಯ ಮೇಸ್ತ್ರಿಗೆ ಮೊದಲಿನಿಂದ ತಿಳಿದಿತ್ತೇ? ತಿಳಿದಿದ್ದರೆ ತಪ್ಪು ಗಣಿಯವರದು, ಉಳಿದ ಗೋಡೆಯನ್ನು ಕೆಡವುವವರೆಗೆ ಆ ಬದಿಯ ಕೆಲಸ ನಿಲ್ಲಬೇಕು. ಅಂದೇ ತಿಳಿದದ್ದಾದರೆ ಅದು ದೈವದ ಆಟ, ಕೆಲಸ ಮುಂದುವರಿಯಬಹುದು. ಅವಳಿಗೆ ಬೇಕಿದ್ದದ್ದು ಕೆಲಸ ನಿಲ್ಲುವುದು. ಉಳಿದ ಗೋಡೆಯ ಕೆಳಗೆ ಅವಳ ತಮ್ಮನಿದ್ದ.

ಅವಳು ಬಾಗಿಲ ಬಳಿ ನಿಂತು ಹೇಳಿದಳು: “ಗ್ವಾಡಿ ನಟ್ಟನಡುವ ಬಿರಿಕಿ ಬಿಟ್ಟದ ಅಂತ ಮೇಸ್ತ್ರಿಗಿ ಹೇಳಿ ಹೇಳಿ ಸಾಕಾಗಿತ್ತರಿ ನನ್ನ ಗಂಡಗ. ಸಣ್ಣ ಸಣ್ಣ ಚಕ್ಕಿ ಉದರತಿದ್ವು. ‘ಬಿರಿಕಿಲ್ಲ ಗಿರಿಕಿಲ್ಲ, ಇಳಿ ಕೆಳಗ’ ಅಂದ ಮೇಸ್ತ್ರಿ.”

‘ಬಿರಿಕಿಲ್ಲ ಗಿರಿಕಿಲ್ಲ’ ಎಂಬುದು ಕಿವಿಗೆ ಬಿದ್ದೊಡನೆ ನನಗೆ ಖುಷಿಯಾಯಿತು. ನಾಚಿಕೆಯಿಂದ ಇದನ್ನು ಬರೆಯುತ್ತಿದ್ದೇನೆ, ಆದರೂ ಬರೆಯುತ್ತೇನೆ. ಪದದ ಮುಂಭಾಗ ಕಳಚಿ ‘ಗಿ’ ಹಚ್ಚಿದರೆ ಇಡೀ ವಸ್ತುವೇ ಹಗುರಾಗುತ್ತದೆ, ಲೆಕ್ಕಕ್ಕಿಲ್ಲದಂತಾಗುತ್ತದೆ. ಮನುಷ್ಯನೊಬ್ಬನ ಎಚ್ಚರಿಕೆಯನ್ನು ಒಂದು ‘ಗಿ’ಕಾರದಿಂದ ತಳ್ಳಿಹಾಕಿದ್ದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿರಲಿಲ್ಲ. ಹೇಳಿಕೆಯ ಕಾಗದದ ಅಡಿಯಲ್ಲಿದ್ದ ನನ್ನ ವಹಿಯಲ್ಲಿ ಅವಳ ಮಾತನ್ನು ಅಕ್ಷರ ಬಿಡದೆ ಗೀಚಿಕೊಂಡೆ.

ಮೇಲಿನ ಕಾಗದದಲ್ಲಿ ಬರೆದದ್ದು ಬೇರೆ. ಪುನರುಕ್ತಿ ದೋಷ, ಸರ್ಕಾರಿ ಬರಹ ಚಿಕ್ಕದಾಗಿರಬೇಕು ಎಂದು ನನಗೆ ಕಲಿಸಿದ್ದರು. ಆ ಪಾಠಕ್ಕೆ ನನಗೆ ಪದಕವೂ ಸಿಕ್ಕಿತ್ತು. ‘ನಟ್ಟನಡುವ’ ನಡುವೆ ಆಯಿತು. ‘ಸಣ್ಣ ಸಣ್ಣ ಚಕ್ಕಿ’ ಒಂದು ಚಕ್ಕೆಯಾಯಿತು. ಮೇಸ್ತ್ರಿಯ ‘ಬಿರಿಕಿಲ್ಲ ಗಿರಿಕಿಲ್ಲ’ ಬರೀ ಬಿರುಕಿಲ್ಲ ಆಯಿತು. ‘ಹೇಳಿ ಹೇಳಿ ಸಾಕಾಗಿತ್ತು’ ಎಂಬುದು ‘ಇತ್ತಿಲಾ ದೀ ಥೀ’, ತಿಳಿಸಿದ್ದನು, ಎಂದಾಯಿತು. ಉರ್ದುವಿಗೆ ಆ ಶಕ್ತಿ ಇರಲಿಲ್ಲವೆಂದು ಯಾರೂ ನನ್ನ ಪರವಾಗಿ ವಾದಿಸುವುದು ಬೇಡ. ಕಚೇರಿಯ ಜವಾನ ಕೂಡ ದಿನಾ ‘ಬೋಲ್ ಬೋಲ್ ಕೆ ಥಕ್ ಗಯಾ’, ಹೇಳಿ ಹೇಳಿ ದಣಿದೆ, ಎನ್ನುತ್ತಿದ್ದ. ಭಾಷೆಯಲ್ಲಿ ಜಾಗವಿತ್ತು, ನಾನು ಕೊಡಲಿಲ್ಲ.

ಬರೆದದ್ದನ್ನು ಸಾಕ್ಷಿಗೆ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಬೇಕೆಂಬ ನಿಯಮವಿತ್ತು. ಊಟದ ಹೊತ್ತಾಗಿತ್ತು. ಸಾಹೇಬರು ಎದ್ದರು. ನಾನು ಓದಲಿಲ್ಲ. ಅವಳು ನನ್ನ ಮುಖ ನೋಡಿ, ನಂಬಿ, ಒತ್ತಿದಳು.

ತೀರ್ಪು ಬಂದಾಗ ಅದನ್ನು ಕನ್ನಡದಲ್ಲಿ ತಿಳಿಸುವ ಕೆಲಸವೂ ನನ್ನದೇ. ಸತ್ತವನು ಗೋಡೆ ಬಿದ್ದ ಮುಂಜಾನೆಯೇ ತನಗೆ ಒಮ್ಮೆ ಹೇಳಿದ್ದನೆಂದು ಮೇಸ್ತ್ರಿ ಒಪ್ಪಿಕೊಂಡಿದ್ದ. ಆಕೆಯ ಹೇಳಿಕೆಯೂ ಅದಕ್ಕೆ ವಿರುದ್ಧವಾಗಿಲ್ಲ, ಆದ್ದರಿಂದ ಗೋಡೆ ನೋಡಿಸಲು ಸಮಯವಿರಲಿಲ್ಲ, ಕೆಲಸ ಮುಂದುವರಿಯಲಿ ಎಂದಿತ್ತು.

“ನನ್ನ ಹೇಳಿಕಿ?” ಎಂದಳು.

ಓದಿದೆ. ಆಗ ಓದಬೇಕಾದದ್ದನ್ನು ಈಗ ಓದಿದೆ.

“ಹೇಳಿದ್ದ ಅಂತ ಅಲ್ಲರಿ ಅಣ್ಣಾರ. ಹೇಳಿ ಹೇಳಿ.” ತಪ್ಪು ಮಾಡಿದ ಮಗುವಿಗೆ ತಿದ್ದುವಂತೆ ಮೆಲ್ಲಗೆ ಅಂದಳು. “ನೀವು ಅದನ್ನ ಬರಕೊಳ್ಳಾಕ ಬರತಿದ್ರಿ, ಅಲ್ಲೇನ್ರಿ?”

ವಹಿ ಹಿಡಿದು ಸಾಹೇಬರ ಬಳಿ ಓಡಿದೆ. ಅವರು ಆ ಪುಟವನ್ನು ನೋಡಿ ನಕ್ಕರು. “ಮಿಯಾ, ಇದು ನಿಮ್ಮ ಸ್ವಂತ ವಹಿ. ಸರ್ಕಾರದ ಕಡತ, ಈ ಮಿಸಲಿನಲ್ಲಿರುವುದು ನಿಮ್ಮದೇ ತರ್ಜುಮೆ, ನಿಮ್ಮದೇ ದಸ್ತಖತು. ಯಾವುದನ್ನು ಸುಳ್ಳೆನ್ನಲಿ?”

“ತರ್ಜುಮೆ ಸುಳ್ಳು ಎಂದು ಬರೆಯಿರಿ. ನನ್ನ ತಪ್ಪೆಂದು ಬರೆಯಿರಿ.”

“ಒಂದು ಪದಕ್ಕಾಗಿ ಮಿಸಲು ತೆರೆಯುವುದಿಲ್ಲ,” ಎಂದು ಅವರು ವಹಿಯನ್ನು ನನ್ನತ್ತ ಸರಿಸಿದರು. ಲಿಖಿತವಾಗಿ ಅರ್ಜಿ ಕೊಟ್ಟೆ. ಮತ್ತೊಂದು ಕೊಟ್ಟೆ. ಕೊಟ್ಟು ಕೊಟ್ಟು ಸಾಕಾಯಿತು ಎಂಬ ಮಾತಿನ ಅರ್ಥ ನನ್ನ ಮೈಗೇ ತಿಳಿದದ್ದು ಆಗ.

ಅಧಿಕಾರಿಗಳು ‘ಯಾರು ಹೊಣೆ?’ ಎಂದು ಕೇಳುತ್ತಾರೆ. ಒಬ್ಬನ ಹೆಸರು ಸಿಗದಿದ್ದರೆ ದೈವವೆಂದು ಬರೆದು ಮಿಸಲು ಕಟ್ಟುತ್ತಾರೆ. ಕೇಳಬೇಕಾದ ಪ್ರಶ್ನೆ ‘ಯಾರ್‍ಯಾರು?’ ಕೇಳಿಯೂ ಗಿರಿಕಿಲ್ಲವೆಂದ ಮೇಸ್ತ್ರಿ, ಗೋಡೆಯನ್ನು ಕಣ್ಣಿಂದ ನೋಡದೆ ತೀರ್ಪು ಬರೆದ ಸಾಹೇಬ, ಬಡವರ ಮಾತಿನ ಮರುಕಳಿಕೆಯನ್ನು ದೋಷವೆಂದು ಕಲಿಸಿದ ವಿದ್ಯೆ, ಅದನ್ನು ಕಲಿತು ಪದಕ ತೊಟ್ಟ ನಾನು. ಈ ಪಟ್ಟಿಯಲ್ಲಿ ನನ್ನ ಹೆಸರನ್ನು ಬಿಟ್ಟವರು ಉಳಿದವರನ್ನು ಕೇಳುವ ಹಕ್ಕನ್ನೂ ಬಿಟ್ಟಂತೆ.

ಪ್ರಬಂಧವನ್ನು ನಾನು ಮುಗಿಸಲಿಲ್ಲ. ಕೆಲಸ ಬಿಟ್ಟು ತಾಂಡೂರಿನಿಂದ ಹೊರಟ ಮುಂಜಾನೆ ಗಣಿಯ ದಾರಿ ಹಿಡಿದು ಸ್ಟೇಷನ್ನಿಗೆ ನಡೆದೆ. ಪಡುವಣ ಬದಿಯಲ್ಲಿ ಸುತ್ತಿಗೆಯ ಸದ್ದು ಎದ್ದಿತ್ತು. ಅವಳು ಗಣಿಯ ತುತ್ತತುದಿಗೆ ನಿಂತಿದ್ದಳು, ತಲೆಯ ಮೇಲೆ ಬುಟ್ಟಿಯಿಲ್ಲ. ಕೂಲಿ ಬಿಟ್ಟು ದಿನವೂ ಹೀಗೇ ನಿಲ್ಲುತ್ತಾಳೆಂದು ಜೊತೆಯವಳೊಬ್ಬಳು ಹೇಳಿದಳು. ಕೆಳಗಿನ ತಮ್ಮನಿಗೆ ಕೂಗುತ್ತಿದ್ದಳು:

“ಮ್ಯಾಲ ನೋಡೋ ತಮ್ಮಾ, ಮ್ಯಾಲ ನೋಡು! ನೋಡಿ ನೋಡಿ ಕಲ್ಲು ಎಬ್ಬಸು!”

ರೈಲು ಹೊರಡುವ ಹೊತ್ತಾದರೂ ನನ್ನ ಕಿವಿಯಲ್ಲಿ ಅದೇ ಇತ್ತು. ವಹಿ ಚೀಲದಲ್ಲಿತ್ತು. ತೆಗೆಯಲಿಲ್ಲ.