ಎರಡಾಣೆ ನೋವು

ನನ್ನ ಬಲಗೈ ಇವತ್ತಿಗೂ ಪೂರ್ತಿ ನೆಟ್ಟಗಾಗುವುದಿಲ್ಲ. ಮೊಣಕೈಯಲ್ಲಿ ಸ್ವಲ್ಪ ಬಾಗು ಉಳಿದಿದೆ. ಕೇಳಿದವರಿಗೆ ಏಣಿಯಿಂದ ಬಿದ್ದೆ ಅಂತ ಹೇಳಿ ಮಾತು ಮುಗಿಸುತ್ತೇನೆ. ಅದು ಅರ್ಧ ಸತ್ಯ. ಬಿದ್ದದ್ದು ಏಣಿಯಿಂದಲೇ, ಆದರೆ ಬಾಗು ಉಳಿದದ್ದು ನಾನು ಹೇಳಿದ ಸುಳ್ಳಿನಿಂದ.

ಆಣೆಯ ಲೆಕ್ಕ ಹೋಗಿ ನಯೇ ಪೈಸೆ ಬಂದು ಎರಡು ಮೂರು ವರ್ಷವಾಗಿತ್ತು, ನನ್ನ ಮದುವೆಯಾಗಿ ಒಂದೂವರೆ. ಅಮ್ಮಿನಬಾವಿಯ ದೊಡ್ಡ ಒಕ್ಕಲುತನದ ಮನೆ ನನ್ನ ಗಂಡನ ಮನೆ. ಕೆಟ್ಟವರು ಯಾರೂ ಇರಲಿಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಊಟಕ್ಕೆ ಕಡಿಮೆ ಇರಲಿಲ್ಲ, ಬೈಗುಳವೂ ಅಷ್ಟಿರಲಿಲ್ಲ. ಆದರೆ ಹದಿನಾಲ್ಕು ಮಂದಿಯ ಆ ಮನೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಒಬ್ಬರೂ ಇರಲಿಲ್ಲ. ಅತ್ತೆಗೆ ನಾನು ‘ಸಣ್ಣಾಕಿ’, ಉಳಿದವರಿಗೆ ‘ಏ ಬಾ ಇಲ್ಲೆ’. ತವರಿಗೆ ಹೋಗಬೇಕೆಂದರೆ ನಾಗರ ಪಂಚಮಿ ಬರಬೇಕು, ಇಲ್ಲವೆ ಬಸಿರಾಗಬೇಕು. ಸುಮ್ಮನೆ ಹೋಗಿಬರುವುದು ಎಂಬುದೊಂದು ಇದೆ ಅಂತ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಕೇಳುವ ಧೈರ್ಯ ನನಗಿರಲಿಲ್ಲ.

ಹಾಗಿರುವಾಗ ಒಂದು ದಿನ ಮಾಳಿಗೆ ಮೇಲೆ ಮೆಣಸಿನಕಾಯಿ ಒಣಹಾಕಿ ಇಳಿಯುವಾಗ ಏಣಿ ಜಾರಿತು. ಬಲ ಮೊಣಕೈಯ ಎಲುಬು ಸೀಳಿತ್ತು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದರು. ಒಂದು ಕೈಯ ಸೊಸೆ ಅಡುಗೆಮನೆಗೆ ಉಪಯೋಗವಿಲ್ಲವಲ್ಲ, ಗಂಡನೇ ನನ್ನನ್ನು ತಂದು ಅದೇ ಊರಿನ ತವರಲ್ಲಿ ಬಿಟ್ಟುಹೋದ. ಕೈ ಸಿಡಿಯುತ್ತಿತ್ತು, ಮನಸ್ಸು ಮಾತ್ರ ಕುಣಿಯುತ್ತಿತ್ತು.

ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಎರಡು ಕೋಣೆಯ ಕ್ವಾರ್ಟರ್ಸು, ಮುಂದೆ ಒಂದು ನಳ. ಮನೆಯಲ್ಲಿ ಅಪ್ಪ, ಅವ್ವ, ಈಗ ನಾನು. ಪ್ಲಾಸ್ಟರ್ ಬಿಚ್ಚಿದಾಗ ಕೈ ಕೋನವಾಗಿ ಹಾಗೇ ನಿಂತುಬಿಟ್ಟಿತ್ತು. ಮಡಚಲು ಬಾರದು, ಚಾಚಲು ಬಾರದು. ನನ್ನ ಕೈಯೇ ಅಲ್ಲವೇನೋ ಅನ್ನಿಸಿ ಅತ್ತುಬಿಟ್ಟೆ. ಡಾಕ್ಟರು ನನ್ನನ್ನೂ ಅಪ್ಪ ಅವ್ವನನ್ನೂ ವ್ಯಾಯಾಮದ ಕೋಣೆಗೆ ಕಳಿಸಿದರು.

ಆ ಕೋಣೆಯಲ್ಲಿದ್ದವರು ಮುಂಬಯಿಯಲ್ಲಿ ಈ ವಿದ್ಯೆ ಕಲಿತು ಬಂದ ಧಾರವಾಡದ ಹೆಣ್ಣುಮಗಳು. ನಾವು ಅವರನ್ನು ಅಕ್ಕಾರು ಅನ್ನುತ್ತಿದ್ದೆವು. ಎರಡು ಪಟ್ಟಿಯ ಅಳತೆಗೋಲನ್ನು ಮೊಣಕೈಗೆ ಹಿಡಿದು, ಎಷ್ಟು ಮಡಚುತ್ತದೆ ಎಷ್ಟು ಚಾಚುತ್ತದೆ ಅಂತ ಒಂದು ಕಾರ್ಡಿನಲ್ಲಿ ಬರೆದರು. ಆಮೇಲೆ ನೋವು ಎಷ್ಟಾಣೆ ಅಂತ ಕೇಳಿದರು. ಹದಿನಾರಾಣೆ ಅಂದರೆ ತಡೆಯಲಾಗದ ನೋವು, ಸೊನ್ನೆ ಅಂದರೆ ಏನೂ ಇಲ್ಲ. ಹತ್ತಕ್ಕೆ ಎಷ್ಟು, ನೂರಕ್ಕೆ ಎಷ್ಟು ಅಂತ ಕೇಳಿದರೆ ನಮ್ಮ ಮಂದಿ ಮುಖ ಮುಖ ನೋಡುತ್ತಾರೆ, ಆಣೆಯಲ್ಲಿ ಕೇಳಿದರೆ ತಟ್ಟನೆ ಹೇಳುತ್ತಾರೆ ಅಂತ ಅವರು ಕಂಡುಕೊಂಡಿದ್ದರು. ಸುಮ್ಮನಿದ್ದಾಗ ಎಷ್ಟು, ಕೈ ಆಡಿಸಿದಾಗ ಎಷ್ಟು ಅಂತ ಬೇರೆ ಬೇರೆ ಬರೆದುಕೊಂಡರು. ಮೊದಲ ವಾರ ಆಡಿಸಿದಾಗ ನನಗೆ ಹತ್ತಾಣೆ ಇತ್ತು, ಖರೇನೇ ಇತ್ತು.

ದಿನಕ್ಕೆ ಮೂರು ಸಲ ಮಾಡಬೇಕು ಅಂದರು. ಕೈ ಮಡಚಿ ಚಾಚುವುದು ಹತ್ತು ಸಲ, ಅಂಗೈ ಮೇಲೆ ಮಾಡಿ ಕೆಳಗೆ ಮಾಡುವುದು ಹತ್ತು ಸಲ, ಬಟ್ಟೆಯ ಉಂಡೆ ಹಿಂಡುವುದು ಹತ್ತು ಸಲ. ಕೈ ತನ್ನ ಬಲದಿಂದಲೇ ಹೋದಷ್ಟು ಹೋಗಬೇಕು, ಯಾರೂ ಹಿಡಿದು ಜಗ್ಗಬಾರದು. ಎಣ್ಣೆ ಹಾಕಿ ತಿಕ್ಕಲೇಬಾರದು, ತಿಕ್ಕಿದರೆ ಮೊಣಕೈಯ ಮಾಂಸದಲ್ಲೇ ಎಲುಬು ಕಟ್ಟಿಕೊಂಡೀತು ಅಂತ ಅವ್ವನ ಕಡೆ ನೋಡಿ ಎರಡೆರಡು ಸಲ ಹೇಳಿದರು. ಮಾಡಿದ ಮೇಲೆ ನೋವು ತುಸು ಹೊತ್ತಿಗೆ ಇಳಿದರೆ ಮುಂದಿನ ವಾರ ಎಣಿಕೆ ಏರಿಸುವುದು, ಮರುದಿನವೂ ಉಳಿದರೆ ಇಳಿಸುವುದು. ವಾರಕ್ಕೊಮ್ಮೆ ಬಂದು ತೋರಿಸಬೇಕು.

ಗಡಿಯಾರ ನಮ್ಮ ಮನೆಯಲ್ಲಿ ಇರಲಿಲ್ಲ. ನೆನಪು ಮಾಡುವವರು ಯಾರು ಅಂತ ಅಕ್ಕಾರು ಕೇಳಿದ್ದಕ್ಕೆ ಅಪ್ಪ, ವರ್ಕ್‌ಶಾಪಿನ ಭೋಂಗಾ ಇದೆಯಲ್ಲ ಅಂದ. ಬೆಳಿಗ್ಗೆ ಕೆಲಸಕ್ಕೆ ಒಳಗೆ ಹೋಗುವಾಗ ಒಂದು ಸೈರನ್ ಕೂಗು, ಮಧ್ಯಾಹ್ನ ಊಟಕ್ಕೆ ಒಂದು, ಸಂಜೆ ಬಿಡುವಾಗ ಒಂದು. ಅರ್ಧ ಹುಬ್ಬಳ್ಳಿ ಆ ಭೋಂಗಾ ಕೇಳಿಯೇ ಅನ್ನಕ್ಕೆ ಇಡುತ್ತಿತ್ತು. ಅದು ಕೂಗಿದ ಕೂಡಲೆ ನಾನು ಹಿತ್ತಲ ಬಾಗಿಲಲ್ಲಿ ಕೂತು ಶುರುಮಾಡುತ್ತಿದ್ದೆ. ಸಂಜೆಯದು ಮುಗಿಯುವ ಹೊತ್ತಿಗೆ ಅಪ್ಪನ ಸೈಕಲ್ ಬರುತ್ತಿತ್ತು. ಬಂದವನು ಚಹಾ ಕೇಳುವುದಕ್ಕಿಂತ ಮೊದಲು ನನ್ನ ಹೆಸರು ಹಿಡಿದು ಕೂಗುತ್ತಿದ್ದ, ಮೂರೂ ಆಯಿತೇನು ಅಂತ. ಒಂದು ತಪ್ಪಿದ್ದರೆ ಗ್ರೀಸು ಹತ್ತಿದ ಕೈಯಲ್ಲೇ ಎದುರು ಕೂತು, ಒಂದರಿಂದ ಹತ್ತು ಎಣಿಸಿ ಮಾಡಿಸುತ್ತಿದ್ದ. ಮದುವೆಗೆ ಮುಂಚೆ ಅಪ್ಪ ನನ್ನ ಜೊತೆ ಅಷ್ಟು ಮಾತಾಡಿದವನೇ ಅಲ್ಲ. ಒಮ್ಮೊಮ್ಮೆ ಬೇಕಂತಲೇ ಒಂದು ಹೊತ್ತಿನದು ತಪ್ಪಿಸುತ್ತಿದ್ದೆ.

ಎರಡನೇ ವಾರ ಎಂಟಾಣೆ, ಮೂರನೆಯದಕ್ಕೆ ನಾಲ್ಕು. ಕೈ ದಿನದಿನಕ್ಕೆ ಚಾಚುತ್ತಿತ್ತು. ಆ ಮೂರನೇ ವಾರ ಗಂಡನೂ ಆಸ್ಪತ್ರೆಗೆ ಬಂದಿದ್ದ. ಸುಗ್ಗಿ ಹತ್ತಿರ ಬಂತು, ಯಾವಾಗ ಕಳಿಸುತ್ತೀರಿ ಅಂತ ಕೇಳಿದ. ಅಕ್ಕಾರು ಕಾರ್ಡು ನೋಡಿ, ಎರಡಾಣೆಗೆ ಇಳಿಯಲಿ, ಆಮೇಲೆ ಅಲ್ಲಿಯೇ ಮಾಡಿಕೊಂಡಿರಬಹುದು ಅಂದರು. ಅವರಿಗೆ ಅದೊಂದು ಸಾದಾ ಮಾತು. ನನಗೆ ಮಾತ್ರ ಎರಡಾಣೆ ಅಂದರೆ ತವರು ಮುಗಿದ ಹಾಗೆ.

ನಾಲ್ಕನೇ ವಾರ ಎಷ್ಟಾಣೆ ಅಂದಾಗ ಆರು ಅಂದೆ. ಬಾಯಿಂದ ಎಷ್ಟು ಸಲೀಸಾಗಿ ಬಂತು ಅಂದರೆ ನನಗೇ ಸೋಜಿಗವಾಯಿತು. ರಾತ್ರಿ ಮಲಗಿದಾಗಲೂ ಇದೆ, ಮರುದಿನವೂ ಇರುತ್ತದೆ ಅಂತ ಉಪ್ಪು ಖಾರ ಸೇರಿಸಿದೆ. ಐದನೇ ವಾರ ಎಂಟು. ಅಕ್ಕಾರ ಮುಖದಲ್ಲಿ ಚಿಂತೆ ಕಂಡಿತು. ಇಳಿಯುತ್ತಿದ್ದ ನೋವು ತಿರುಗಿ ಏರಿದರೆ ಯಾರೋ ತಿಕ್ಕಿರಬೇಕು ಅಂತ ಅವ್ವನನ್ನು ಹಿಡಿದರು. ಅವ್ವ ಎಲ್ಲರೆದುರಿಗೆ ದೇವರ ಆಣೆ ಮಾಡಿ, ನಾನು ಎಣ್ಣೆಯ ಬಾಟಲಿ ಮುಟ್ಟಿಲ್ಲ ಅಂತ ಹೇಳಿದಳು. ನಾನು ನೆಲ ನೋಡುತ್ತ ಕೂತೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಎಲುಬಿನ ಫೋಟೋ ತೆಗೆಸಿದರು, ಎಲುಬು ಕೂಡಿತ್ತು, ಬೇರೇನೂ ಕಟ್ಟಿರಲಿಲ್ಲ. ಆದರೂ ನನ್ನ ಮಾತು ನಂಬಿ ಅಕ್ಕಾರು ಎಣಿಕೆ ಇಳಿಸಿದರು. ಹತ್ತಿದ್ದದ್ದು ಐದಾಯಿತು, ಮೂರು ಹೊತ್ತಿದ್ದದ್ದು ಒಂದು ಹೊತ್ತಾಯಿತು. ಮಧ್ಯಾಹ್ನದ ಭೋಂಗಾ ಕೂಗಿದರೂ ನಾನು ಸುಮ್ಮನೆ ಕೂತಿರುತ್ತಿದ್ದೆ. ಏಳನೇ ವಾರ ಅಳತೆಗೋಲು ಹಿಡಿದಾಗ ಕೈ ನಾಲ್ಕನೇ ವಾರ ಎಲ್ಲಿತ್ತೋ ಅಲ್ಲೇ ಇತ್ತು. ಈಗ ಚಾಚದೆ ಹೋದದ್ದು ಮುಂದೆ ಚಾಚುವುದು ಕಷ್ಟ, ಇನ್ನೂ ಒಂದೆರಡು ವಾರ ಹೀಗೇ ಹೋದರೆ ಬಾಗು ಖಾಯಂ ಆಗುತ್ತದೆ ಅಂತ ಅವರು ಅಪ್ಪನಿಗೆ ಹೇಳಿದರು. ನಾನು ಕೇಳಿಸಿಕೊಂಡೆ. ಕೈಯೋ ತವರೋ ಅಂತ ಆ ವಾರವೆಲ್ಲ ಒದ್ದಾಡಿದೆ. ಇಪ್ಪತ್ತು ವರ್ಷದ ಹುಡುಗಿ ನಾನು. ನಾಚಿಕೆಗೇಡಿನ ಮಾತು, ಆದರೆ ತವರೇ ಗೆಲ್ಲುತ್ತಿತ್ತು.

ಆ ರವಿವಾರ ಅಪ್ಪ ಮನೆಯಲ್ಲೇ ಇದ್ದ, ಅದು ನನಗೆ ಮರೆತುಹೋಗಿತ್ತು. ನಳದಲ್ಲಿ ತುಂಬಿದ ತಾಮ್ರದ ಕೊಡವನ್ನು ಬಲಗೈಯಲ್ಲೇ ಎತ್ತಿ ಸೊಂಟಕ್ಕೆ ಇಟ್ಟುಕೊಂಡೆ. ಭಾರ ಎತ್ತಬಾರದು ಅಂತ ಹೇಳಿದ್ದರು, ಎಂಟಾಣೆ ನೋವಿದ್ದವರಿಗೆ ಎತ್ತಲೂ ಆಗದು. ತಿರುಗಿದರೆ ಅಪ್ಪ ಸೈಕಲ್ ಒರೆಸುವುದನ್ನು ನಿಲ್ಲಿಸಿ ನೋಡುತ್ತಿದ್ದ. ಬಂದು ಕೊಡ ಇಸಿದುಕೊಂಡು ಒಳಗಿಟ್ಟ. ಅವ್ವನಿಗೂ ಹೇಳಲಿಲ್ಲ.

ಎಂಟನೇ ವಾರ ಅಪ್ಪ ಅರ್ಧ ದಿನ ರಜೆ ಹಾಕಿ ನನ್ನೊಬ್ಬಳನ್ನೇ ಕರೆದುಕೊಂಡು ಹೋದ. ಆಸ್ಪತ್ರೆಯ ಉದ್ದನೆಯ ಕಟ್ಟಿಗೆ ಬಾಕಿನ ಮೇಲೆ ಕೂತು ಸರದಿಗೆ ಕಾಯುತ್ತಿದ್ದೆವು. ಅಪ್ಪ ತನ್ನ ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ.

“ಅಕ್ಕಾರ ಮುಂದ ಖರೇ ಹೇಳವಾ” ಅಂದ. “ಕೈ ನೆಟ್ಟಗಾದ್ರ ನೀ ಹೋಗ್ತಿ, ಅದು ನನಗೂ ಗೊತ್ತೈತಿ. ನೀ ಸುಳ್ಳ ಹೇಳಾಕತ್ತಿ ಅಂತ ತಿಳದ ಮ್ಯಾಲೂ ನಾ ಆರು ದಿವಸ ಸುಮ್ಮನಿದ್ದೆ. ಇನ್ನ ಸುಮ್ಮನಿರಾಕ ಆಗಂಗಿಲ್ಲ.”

ನಾನು ಅತ್ತುಬಿಟ್ಟೆ. ಆ ಆರು ದಿನ ಅಪ್ಪನೂ ನನ್ನ ಹಾಗೇ ಲೆಕ್ಕ ಹಾಕುತ್ತಿದ್ದ ಅಂತ ತಿಳಿದಾಗ ನನಗೆ ಸುಖವಾಯಿತೋ ಸಂಕಟವಾಯಿತೋ ಹೇಳಲಾರೆ. ಒಳಗೆ ಹೋಗಿ ಎರಡಾಣೆ ಅಂದೆ. ನಾಲ್ಕು ವಾರದಿಂದ ಎರಡೇ ಇತ್ತು, ಅವ್ವ ಏನೂ ಮಾಡಿಲ್ಲ ಅಂತಲೂ ಹೇಳಿದೆ. ಅಕ್ಕಾರು ನನ್ನ ಮುಖ ನೋಡಿದರು, ಬೈಯಲಿಲ್ಲ. ಕಾರ್ಡಿನ ನಾಲ್ಕು ಸಾಲು ಹೊಡೆದುಹಾಕಿ ಹದಿನೈದು ಸಲ, ಮೂರು ಹೊತ್ತು ಅಂತ ಬರೆದರು. ಕಳೆದದ್ದು ಎಲ್ಲಾ ಬಾರದಿದ್ದರೂ ಅರ್ಧವಾದರೂ ಬಂದೀತು, ಆದರೆ ತಿಂಗಳುಗಟ್ಟಲೆ ಬಿಡದೆ ಮಾಡಬೇಕು ಅಂದರು.

ಆ ವಾರವೇ ನನ್ನನ್ನು ಗಂಡನ ಮನೆಗೆ ಕಳಿಸಿದರು. ಅಮ್ಮಿನಬಾವಿಯಲ್ಲಿ ಭೋಂಗಾ ಎಲ್ಲಿಂದ ಬರಬೇಕು? ಅದಕ್ಕೆ ಅಪ್ಪ ಟಪಾಲಿನಲ್ಲಿ ವಾರಕ್ಕೊಂದು ಕಾರ್ಡು ಹಾಕತೊಡಗಿದ. ವಕ್ರ ಅಕ್ಷರ, ಎರಡೇ ಸಾಲು. ದಿನಾ ಮೂರು ಹೊತ್ತು ಮಾಡುವುದು, ಎಷ್ಟಾಣೆ ತಿಳಿಸುವುದು. ತುದಿಗೆ ನನ್ನ ಹೆಸರು. ನಾನು ಮೈದುನನ ಕೈಯಲ್ಲಿ ಕಾರ್ಡು ತರಿಸಿ ಉತ್ತರ ಬರೆಯುತ್ತಿದ್ದೆ. ಅಪ್ಪ ಅದನ್ನು ಒಯ್ದು ಅಕ್ಕಾರಿಗೆ ತೋರಿಸಿ ಬರುತ್ತಿದ್ದನಂತೆ. ಕೈ ಬೆರಳಿನಷ್ಟು ಬೆರಳಿನಷ್ಟು ಚಾಚುತ್ತ ಬಂತು. ಎರಡಾಣೆ ಒಂದಾಣೆಯಾಯಿತು, ಒಂದು ಅರ್ಧವಾಯಿತು. ಕೊನೆಗೊಂದು ವಾರ ಏನೂ ನೋವಿರಲಿಲ್ಲ. ಕಾರ್ಡು ಮುಂದಿಟ್ಟುಕೊಂಡು ಬಹಳ ಹೊತ್ತು ಕೂತೆ. ಅರ್ಧಾಣೆ ಅಂತ ಬರೆದರೆ ಇನ್ನೊಂದು ಕಾರ್ಡು ಬರುತ್ತದೆ, ಇಲ್ಲ ಅಂದರೆ ಅಪ್ಪನಿಗೆ ಬರೆಯಲು ಕೆಲಸವೇ ಇಲ್ಲ. ಆದರೆ ಬಾಕಿನ ಮೇಲಿನ ಆ ಮಾತು ಆದಮೇಲೆ ಸುಳ್ಳು ಬರೆಯಲು ಕೈ ಬರಲಿಲ್ಲ. ನೋವು ಇಲ್ಲ ಅಂತ ಬರೆದೆ.

ಮರುವಾರ ಕಾರ್ಡು ಬರಲಿಲ್ಲ. ಅದರ ಮರುವಾರವೂ ಇಲ್ಲ. ಟಪಾಲಿನವನು ನಮ್ಮ ಓಣಿ ದಾಟಿ ಹೋಗುವುದನ್ನು ಅಡುಗೆಮನೆಯ ಕಿಟಕಿಯಿಂದ ನೋಡುತ್ತ, ಇಷ್ಟೇ ಇತ್ತಲ್ಲ ಅಂದುಕೊಂಡೆ.

ಮೂರನೇ ವಾರ ರವಿವಾರ, ಧಾರವಾಡದ ಕಡೆಯ ಬಸ್ಸಿಗೆ ಅಪ್ಪ ಬಂದ. ಒಗೆದ ಅಂಗಿ, ಕೈಯಲ್ಲಿ ಒಂದು ಪುಡಿಕೆ ಪೇಢೆ. ಅತ್ತೆ ಚಾಪೆ ಹಾಸಿ ನೀರು ಕೊಟ್ಟರು, ಗಾಬರಿಯಾಗಿ ಏನು ಸುದ್ದಿ, ಯಾರಿಗೆ ಆರಾಮಿಲ್ಲ ಅಂತ ಕೇಳಿದರು. ಅವರದೂ ತಪ್ಪಲ್ಲ. ಪಂಚಮಿ ಇನ್ನೂ ದೂರವಿತ್ತು, ನಾನು ಬಸುರಿಯಾಗಿರಲಿಲ್ಲ, ಕೈಯೂ ಸುಧಾರಿಸಿತ್ತು. ಬಾಗಿಲ ಮರೆಯಲ್ಲಿ ನಾನು ಕೇಳುತ್ತ ನಿಂತಿದ್ದೆ.

“ಎಲ್ಲಾರೂ ಆರಾಮ ಅದಾರ್ರಿ” ಅಂದ ಅಪ್ಪ. “ಆಕಿ ಕೈಯೂ ಆರಾಮ ಆಗೇತಂತ ಕಾರ್ಡು ಬಂತ್ರಿ. ಕಾರಣ ಏನೂ ಇಲ್ರಿ. ಮಗಳನ್ನ ನೋಡಬೇಕನಿಸ್ತು, ನಾಕ ದಿವಸ ಕರ್ಕೊಂಡ ಹೋಗಾಕ ಬಂದೇನಿ.”