ಡ್ಯೂಡ್ ಎನಿಸಿಕೊಂಡ ತಂಡೇಲರು

ಮಲ್ಪೆಯ ಒಂದು ಐಸ್ ಪ್ಲಾಂಟಿನ ಆಫೀಸಿನಲ್ಲಿ ಸುಗಂಧಿಗೆ ಇಪ್ಪತ್ತೆರಡು ವರ್ಷದಿಂದ ಕಾಗದ ಟೈಪು ಮಾಡುವ ಕೆಲಸ. ಹಳೆಯ ಯಜಮಾನರ ಕಾಲದಲ್ಲಿ ಬೋಟಿನವರಿಗೆ ಹೋಗುವ ಸೂಚನೆ ‘ಮಾನ್ಯರೇ, ನಮಸ್ಕಾರ’ ಎಂದು ಶುರುವಾಗಿ ‘ಇಂತಿ ತಮ್ಮ ವಿಶ್ವಾಸಿ’ ಎಂದು ಮುಗಿಯುತ್ತಿತ್ತು. ಅವರ ಮಗ ಹರ್ಷಿತ್ ಗದ್ದುಗೆ ಏರಿದ್ದೇ ತಡ, ಎಲ್ಲವೂ ವಾಟ್ಸಾಪಿಗೆ ಹೋಯಿತು. ಮೇಲೆ ‘ಹಾಯ್ ಡ್ಯೂಡ್’, ಕೆಳಗೆ ‘ಚಿಯರ್ಸ್, ಹರ್ಷಿತ್’. ನಲವತ್ತು ವರ್ಷ ಬೋಟು ನಡೆಸಿದ ತಂಡೇಲರೂ ಡ್ಯೂಡೇ!

“ಸರ್, ಹಿರಿಯರಿಗೆ ಇದು ಸರಿಯಾಗುವುದಿಲ್ಲ,” ಎಂದಳು ಸುಗಂಧಿ.

“ಫ್ರೆಂಡ್ಲಿಯಾಗಿರಬೇಕು ಅಕ್ಕ. ನೀವು ಒಂದಕ್ಷರ ಬದಲಿಸಬೇಡಿ. ಆಗುವುದಿಲ್ಲ ಅಂದ್ರೆ ಹೇಳಿ, ಬೇರೆಯವರು ಇದ್ದಾರೆ.”

ಆಗುವುದಿಲ್ಲ ಎನ್ನುವುದು ಹೇಗೆ? ಅಲೆವೂರಿನ ಮನೆಯಲ್ಲಿ ಗಂಡ ವಿಠಲ ಸೊಂಟ ಮುರಿದುಕೊಂಡು ಮಲಗಿದ್ದಾನೆ, ಮಗಳಿಗೆ ಮಣಿಪಾಲದಲ್ಲಿ ಕಾಲೇಜು. ಬಂದರಿನಲ್ಲಿ ಮಾತ್ರ ಎಲ್ಲರೂ ಬೈಯುವುದು ಸುಗಂಧಿಯನ್ನೇ. ಅತ್ತ ದರಿ, ಇತ್ತ ಪುಲಿ. ಅವಳಿಗೆ ನಾಚಿಕೆಯಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು, ಕಳಿಸುತ್ತಲೂ ಇದ್ದಳು.

ಹೀಗಿರುವಾಗ ಚೆನ್ನಪ್ಪ ತಂಡೇಲರು ಬೋಟಿನಲ್ಲೇ ಎದೆನೋವು ಬಂದು ತೀರಿಕೊಂಡರು. ಹರ್ಷಿತ್ ಮದುವೆಯೊಂದಕ್ಕೆ ಕಾರ್ಕಳಕ್ಕೆ ಹೋಗಿದ್ದ. ಅಲ್ಲಿಂದಲೇ ಫೋನು ಮಾಡಿದ.

“ಅವರ ಹೆಂಡತಿ ಅಮ್ಮಣ್ಣಿಯವರಿಗೆ ಒಂದು ಕಾಗದ ಕಳಿಸಿಬಿಡಿ. ನಮ್ಮ ಮಾಮೂಲು ಫಾರ್ಮ್ಯಾಟ್.”

ಸುಗಂಧಿ ‘ಹಾಯ್’ ಎಂದು ಬರೆದು ನಿಲ್ಲಿಸಿದಳು. ಸತ್ತ ಮನೆಗೆ ಬರೆಯುವಾಗ ಕಾಗದದ ತಲೆಯಲ್ಲಿ ‘ಶ್ರೀ’ಕಾರವನ್ನೂ ಹಾಕದ ಊರು ನಮ್ಮದು. ಅಲ್ಲಿಗೆ ಚಿಯರ್ಸ್! ಅವಳು ಅದನ್ನು ಅಳಿಸಿ ಬರೆದಳು: ‘ಅಮ್ಮಣ್ಣಿಯವರಿಗೆ, ತಲೆಬಾಗಿ ನಮಸ್ಕಾರ.’ ಕೊನೆಗೆ, ‘ನಿಮ್ಮ ದುಃಖದಲ್ಲಿ ಜೊತೆಗಿರುವ, ಹರ್ಷಿತ್’. ಪ್ರಿಂಟು ತೆಗೆದು ಕೆಲಸದವರ ಕೈಯಲ್ಲಿ ಕಳಿಸಿ, ನಾಳೆ ಕೆಲಸ ಹೋಯಿತೆಂದುಕೊಂಡೇ ಬಸ್ಸು ಹತ್ತಿದಳು.

ಕೆಲಸ ಹೋಗಲಿಲ್ಲ. ಉತ್ತರಕ್ರಿಯೆಯ ಬೊಜ್ಜದ ದಿನ ಅಮ್ಮಣ್ಣಿ ಎಲ್ಲರೆದುರು ಹರ್ಷಿತ್‌ನ ಕೈ ಹಿಡಿದು, “ಎಷ್ಟು ಮರ್ಯಾದೆಯಿಂದ ಬರೆದೆ ಮಗಾ,” ಎಂದು ಅತ್ತರಂತೆ. ಮರುದಿನ ಅವನು ಸುಗಂಧಿಯ ಮೇಜಿನ ಹತ್ತಿರ ಬಂದ.

“ಒಳ್ಳೆಯದಾಯಿತು ಅಕ್ಕ. ಯಾರಾದರೂ ತೀರಿಕೊಂಡರೆ ಇನ್ನು ಹಾಗೆಯೇ ಬರೆಯಿರಿ. ಉಳಿದವರಿಗೆ ನಮ್ಮದೇ ಇರಲಿ.”

“ಸರ್, ಉಳಿದವರಿಗೂ...”

“ಅದೆಲ್ಲ ಬೇಡ,” ಎಂದು ಹೊರಟುಹೋದ.

ಅದೇ ಮಧ್ಯಾಹ್ನ ಐಸ್ ಸಿಗುವ ಹೊತ್ತು ಬದಲಾದ ಸೂಚನೆ ಎಲ್ಲ ಬೋಟಿನವರಿಗೂ ‘ಹಾಯ್ ಡ್ಯೂಡ್’ ಎಂದೇ ಹೋಯಿತು. ಸ್ವಲ್ಪ ಹೊತ್ತಿಗೆ ಚೆನ್ನಪ್ಪನವರ ತಮ್ಮ, ಇನ್ನೊಂದು ಬೋಟಿನ ತಂಡೇಲರಾದ ಹೂವಪ್ಪ ಬಂದು ಬಾಗಿಲಲ್ಲಿ ನಿಂತರು. ಅವರಿಗೂ ಅರುವತ್ತರ ಮೇಲಾಗಿದೆ. ಮೊಬೈಲನ್ನು ಅವಳ ಮುಂದೆ ಹಿಡಿದರು.

“ಅತ್ತಿಗೆಗೆ ಬರೆದದ್ದು ನೀವೇ ಅಂತ ಗೊತ್ತುಂಟು. ಚೆಂದ ಇತ್ತು. ನನಗೆ ಯಾಕೆ ಇದು? ಅಂಥ ಒಂದು ನಮಸ್ಕಾರ ಬೇಕಾದರೆ ನಾನೂ ಸಾಯಬೇಕಾ ಅಕ್ಕ?”

ಸುಗಂಧಿ ಎದ್ದು ನಿಂತು ಕೈಮುಗಿದಳು. ಅವಳ ಕೈಯಲ್ಲಿದ್ದದ್ದು ಅಷ್ಟೇ.